ಚೊಳಚಗುಡ್ಡದಿಂದ ಕಡಲಾಚೆಗೆ: ಒಂದು ರಾಜ್ಯೋತ್ಸವ ಸಂದೇಶದ ವೃತ್ತಾಂತ

ಕಾರ್ತಿಕ ಮಾಸ ಸಮೀಪಿಸಿತೆಂದರೆ ಪರದೇಶಗಳಲ್ಲಿರುವ ಕನ್ನಡ ಸಂಘಗಳ ಕಾರ್ಯದರ್ಶಿಗಳ ಮೇಲೆ ಒಂದು ಬರವಣಿಗೆಯ ಹೊಣೆ ಬಂದು ಬೀಳುತ್ತದೆ. ಸಭಾಂಗಣವನ್ನು ಗೊತ್ತುಮಾಡುವುದು, ಅಡುಗೆಯವರನ್ನು ಹಿಡಿಯುವುದು, ದೀಪಾವಳಿಯನ್ನೂ ರಾಜ್ಯೋತ್ಸವವನ್ನೂ ಒಂದೇ ಶನಿವಾರದಲ್ಲಿ ಹೇಗೆ ಅಡಕಮಾಡುವುದೆಂದು ಚರ್ಚಿಸುವುದು, ಇವೆಲ್ಲ ಮುಗಿದ ಮೇಲೆ, ಸದಸ್ಯರಿಗೆ ಕಳುಹಿಸಬೇಕಾದ ಮತ್ತು ಸಭೆಯಲ್ಲಿ ಓದಬೇಕಾದ ರಾಜ್ಯೋತ್ಸವ ಸಂದೇಶ ಉಳಿದಿರುತ್ತದೆ. ಇಂಥ ಸಂದೇಶಗಳನ್ನು ಹಲವು ವರ್ಷಗಳಿಂದ ಓದುತ್ತ ಬಂದವರಿಗೆ ಅವುಗಳ ರಚನಾಕ್ರಮ ಕಂಠಪಾಠವಾಗಿಯೇ ಇರುತ್ತದೆ. ಮೊದಲಿಗೆ ಎರಡು ಸಹಸ್ರ ವರ್ಷಗಳ ಇತಿಹಾಸ. ಅದರ ಹಿಂದೆ ಎಂಟು ಜ್ಞಾನಪೀಠ ಪ್ರಶಸ್ತಿಗಳು. ಬಳಿಕ 2008ರಲ್ಲಿ ದೊರೆತ ಶಾಸ್ತ್ರೀಯ ಭಾಷೆಯ ಸ್ಥಾನ. ಕಟ್ಟಕಡೆಗೆ, ಮಕ್ಕಳಿಗೆ ಕನ್ನಡ ಕಲಿಸದ ತಂದೆತಾಯಿಗಳಿಗೆ ಸೌಮ್ಯವೆಂದು ಬರೆದವರು ಭಾವಿಸಿದ, ಕೇಳಿದವರಿಗೆ ಅಷ್ಟೇನೂ ಸೌಮ್ಯವಾಗಿ ತೋರದ ಒಂದು ಉಪದೇಶ.

ಇಂಗ್ಲೆಂಡಿನ ಒಂದು ಪಟ್ಟಣದಲ್ಲಿ ನೆಲೆಸಿ, ಅಲ್ಲಿಯ ಚಿಕ್ಕದೊಂದು ಸಂಘದ ಕಾರ್ಯದರ್ಶಿತನವನ್ನು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಿದ್ದ ನನ್ನ ಅಣ್ಣನ ಮಗಳು ಬರೆದ ಕರಡೂ ಇದೇ ಮಾದರಿಯದಾಗಿದ್ದಿತು. ಆಕೆ ಬಾದಾಮಿಯ ಪಕ್ಕದ ಚೊಳಚಗುಡ್ಡದಲ್ಲಿ ಹುಟ್ಟಿ ಬೆಳೆದವಳು. "ಕಾಕಾ, ಇದನ್ನ ಒಂದೀಟು ನೋಡ್ರಿ, ತಪ್ಪಿದ್ರ ತಿದ್ದ್ರಿ" ಎಂದು ಕೇಳಿಕೊಂಡಿದ್ದಳು. ತಪ್ಪು ಒಂದೂ ಇರಲಿಲ್ಲ. ವ್ಯಾಕರಣ ಶುದ್ಧವಾಗಿತ್ತು, ಇಸವಿಗಳು ಸರಿಯಾಗಿದ್ದವು, ವಾಕ್ಯಗಳು ಗಂಭೀರವಾಗಿದ್ದವು. ಆದರೆ ಅದನ್ನು ಬರೆದವಳು ಚೊಳಚಗುಡ್ಡದವಳೆಂಬುದಕ್ಕಾಗಲಿ, ಕೇಳುವವರು ಯಾರೆಂಬುದನ್ನು ಆಕೆ ಬಲ್ಲಳೆಂಬುದಕ್ಕಾಗಲಿ ಅದರಲ್ಲಿ ಎಳ್ಳಷ್ಟೂ ಸಾಕ್ಷ್ಯವಿರಲಿಲ್ಲ.

ಕೇಳುವವರು ಯಾರು? ಇದನ್ನು ಮೊದಲು ವಿಚಾರಿಸಬೇಕು. ಉತ್ತರ ಕ್ಯಾಲಿಫೋರ್ನಿಯದ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ, ಅಂದರೆ ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆದ ವರ್ಷದಲ್ಲಿಯೇ. ಬ್ರಿಟನ್ನಿನ ಕನ್ನಡ ಬಳಗ ಹುಟ್ಟಿದ್ದು 1983ರಲ್ಲಿ. ಅಂದು ಯುವಕರಾಗಿ ಅವುಗಳನ್ನು ಕಟ್ಟಿದವರು ಇಂದು ಅಜ್ಜಂದಿರು. ಹೀಗಾಗಿ ಇಂಥ ಯಾವುದೇ ಸಭೆಯಲ್ಲಿ ಕನ್ನಡವನ್ನು ಕೇಳುವ ಕಿವಿಗಳು ಒಂದೇ ತೆರನಾಗಿರುವುದಿಲ್ಲ. ವೃದ್ಧರಿಗೆ ಗ್ರಾಂಥಿಕ ಕನ್ನಡವೆಂದರೆ ಶಾಲೆಯ ಪದ್ಯಪಾಠದ ನೆನಪು, ಸುಖ. ಉದ್ಯೋಗಕ್ಕಾಗಿ ಈಚೆಗೆ ಬಂದವರಿಗೆ ಅದು ಅರ್ಥವಾಗುತ್ತದೆ, ಆದರೆ ಅವರ ಗಮನ ಊಟದ ಸಾಲಿನ ಕಡೆಗಿರುತ್ತದೆ. ಅಲ್ಲಿಯೇ ಹುಟ್ಟಿದ ಮಕ್ಕಳ ಸ್ಥಿತಿ ಮಾತ್ರ ವಿಶಿಷ್ಟವಾದುದು: ಅವರಿಗೆ ಕನ್ನಡ ಬರುವುದಿಲ್ಲವೆನ್ನುವುದು ನಿಜವಲ್ಲ, ಬರುತ್ತದೆನ್ನುವುದೂ ಪೂರ್ತಿ ನಿಜವಲ್ಲ. "ಕೈ ತೊಳಕೊಂಡು ಬಾ," "ಅಜ್ಜಿಗೆ ಫೋನ್ ಕೊಡು," "ಇನ್ನೊಂದು ತುತ್ತು" ಎಂಬಂಥ ಮಾತುಗಳು ಅವರಿಗೆ ಹುಟ್ಟಿನಿಂದಲೇ ಗೊತ್ತು. ಉತ್ತರವನ್ನು ಮಾತ್ರ ಅವರು ಇಂಗ್ಲಿಷಿನಲ್ಲಿ ಕೊಡುತ್ತಾರೆ. ಮನೆಯೊಳಗಿನ ಕನ್ನಡ ಆಜ್ಞೆಯ, ಅಕ್ಕರೆಯ, ಅಡುಗೆಯ ಕನ್ನಡ. "ಸರ್ವತೋಮುಖ ಅಭ್ಯುದಯ" ಅದರಲ್ಲಿ ಎಂದೂ ಕೇಳಿಬರುವುದಿಲ್ಲ. ಆದುದರಿಂದ ವೇದಿಕೆಯಿಂದ ಗ್ರಾಂಥಿಕ ಸಂದೇಶ ಪ್ರವಹಿಸತೊಡಗಿದ ಕ್ಷಣದಲ್ಲಿ, ಮನೆಯಲ್ಲಿ ಕನ್ನಡವನ್ನು ಬಲ್ಲ ಮಗುವು ತನಗೆ ಕನ್ನಡ ತಿಳಿಯದೆಂಬ ನಿರ್ಣಯಕ್ಕೆ ಬರುತ್ತದೆ. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ: ನಾಟಕಕ್ಕೂ ಹಾಡಿಗೂ ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು ಸಂದೇಶದ ಎರಡನೆಯ ವಾಕ್ಯಕ್ಕೆ ಎದ್ದು ಹೊರಗಿನ ಮೊಗಸಾಲೆಗೆ ಹೋಗಿರುತ್ತಾರೆ.

ಚೊಳಚಗುಡ್ಡದಂಥ ಊರಿನಿಂದ ಹೋದ ಮನೆಗಳಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಅಲ್ಲಿಯ ಮಗು ಅಮ್ಮನಿಂದ ಕೇಳಿದ್ದು "ಏನ್ ಮಾಡಾಕತ್ತಿ" ಎಂಬುದನ್ನು. ಸಂಘದವರು ವಾರಕ್ಕೊಮ್ಮೆ ನಡೆಸುವ ಕನ್ನಡ ತರಗತಿಯಲ್ಲಿ ಕಲಿತದ್ದು "ಏನು ಮಾಡುತ್ತಿದ್ದೀಯೆ" ಎಂಬುದನ್ನು. ಗೆಳೆಯನ ಮನೆಯಲ್ಲಿ, ಆ ಮನೆಯವರು ಬೆಂಗಳೂರಿನವರಾದ ಕಾರಣ, ಕಿವಿಗೆ ಬಿದ್ದದ್ದು "ಏನ್ ಮಾಡ್ತಾ ಇದೀಯ" ಎಂಬುದು. ಮೂರನ್ನೂ ಕನ್ನಡವೆಂದೇ ಅರಿತು ಬೆರೆಸಿ ಆಡುವ ಮಗುವನ್ನು ಹಿರಿಯರೊಬ್ಬರು ನಕ್ಕು ತಿದ್ದಿದರೆ, ಅದು ಮೂರನ್ನೂ ಬಿಟ್ಟು ಇಂಗ್ಲಿಷಿಗೆ ಸರಿಯುತ್ತದೆ. ತಿದ್ದಿದವರ ಉದ್ದೇಶ ಒಳ್ಳೆಯದೇ ಎನ್ನೋಣ. ಆದರೆ ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ಕವಿರಾಜಮಾರ್ಗದ ಕರ್ತೃವು ಕನ್ನಡದ ಒಳನುಡಿಗಳು ಬೇರೆ ಬೇರೆಯಾಗಿರುವುದನ್ನು ಕಂಡು, ಅವುಗಳ ದೋಷಗಳನ್ನು ಹೀಗೆಂದು ನಿರ್ಣಯಿಸಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸರಿಸಿಯಾನೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದಾನೆ. ಅದೇ ಗ್ರಂಥ ಕನ್ನಡದ ತಿರುಳೆಂದು ಎಣಿಸುವ ನಾಲ್ಕು ಸ್ಥಳಗಳಲ್ಲಿ ಒಂದಾದ ಕಿಸುವೊಳಲ್, ಅಂದರೆ ಇಂದಿನ ಪಟ್ಟದಕಲ್ಲು, ಚೊಳಚಗುಡ್ಡದಿಂದ ಅರ್ಧ ದಿನದ ಬಂಡಿಯ ದಾರಿ. ತಿರುಳುಗನ್ನಡದ ಸೀಮೆಯ ಹೆಣ್ಣುಮಗಳೊಬ್ಬಳು ತನ್ನ ಬಾಯಿಯ ಮಾತನ್ನು ಬಚ್ಚಿಟ್ಟು ಅಚ್ಚಿನ ಮಾತಿನಲ್ಲಿ ರಾಜ್ಯೋತ್ಸವದ ಸಂದೇಶ ಬರೆಯುವುದು ನನಗೆ ಸ್ವಲ್ಪ ವಿಚಿತ್ರವಾಗಿಯೇ ಕಂಡಿತು. ನಾನೂ ಅಚ್ಚಿನ ಮಾತಿನಲ್ಲಿಯೇ ಬರೆಯುತ್ತಿದ್ದೇನಲ್ಲ ಎಂದು ಓದುಗರು ಆಕ್ಷೇಪಿಸಬಹುದು. ನನ್ನ ಲೇಖನವನ್ನು ಮಕ್ಕಳು ಎದ್ದುಹೋಗುವಂಥ ಸಭೆಯಲ್ಲಿ ಓದಬೇಕಾಗಿಲ್ಲವೆಂಬುದೇ ನನ್ನ ಸಮಾಧಾನ.

ಆಕೆಗೆ ನಾನು ಕೇಳಿದ್ದು ಇಷ್ಟೆ: ನಿನ್ನ ಮುತ್ಯಾನಿಗೆ ರಾಜ್ಯೋತ್ಸವವೆಂದರೆ ಏನಾಗಿತ್ತು? ಪ್ರಶ್ನೆ ಸರಳವಾದರೂ, ಅದರ ಉತ್ತರದಲ್ಲಿ ಕಡಲಾಚೆಯ ಮಕ್ಕಳಿಗೆ ಸಂಬಂಧಪಟ್ಟ ಒಂದು ಸಂಗತಿ ಅಡಗಿದೆಯೆಂದು ನನ್ನ ನಂಬಿಕೆ.

ಬಾದಾಮಿ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು, ಜಿಲ್ಲೆ ಬಿಜಾಪುರ. ಬಾಗಲಕೋಟೆ ಜಿಲ್ಲೆಯೆಂಬುದು 1997ರಲ್ಲಿ ಹುಟ್ಟಿದ ಕೂಸು. ಪೇಶ್ವೆಯರ ಆಳಿಕೆಯ ತರುವಾಯ ಈ ಪ್ರದೇಶವನ್ನು ವಹಿಸಿಕೊಂಡ ಆಂಗ್ಲರು, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಹಳೆಯ ರೂಢಿಯಂತೆ ಕಚೇರಿಯ ವ್ಯವಹಾರದಲ್ಲಿ ಮರಾಠಿಯನ್ನೇ ಮುಂದುವರಿಸಿದರು. ಕಂದಾಯದ ಲೆಕ್ಕಗಳು ಮೋಡಿ ಲಿಪಿಯಲ್ಲಿದ್ದವು. ಸರಕಾರ ತೆರೆದ ಮೊದಮೊದಲ ಶಾಲೆಗಳಲ್ಲಿ ಕಲಿಸುವ ಭಾಷೆಯೂ ಮರಾಠಿಯೇ. ಹೊಲದಲ್ಲಿ ಕನ್ನಡ, ಒಲೆಯ ಮುಂದೆ ಕನ್ನಡ, ದೇವಿಯ ಮುಂದೆ ಕನ್ನಡ. ಚಾವಡಿಯ ಕಟ್ಟೆ ಏರಿದೊಡನೆ ಬೇರೊಂದು ಭಾಷೆ, ಬೇರೊಂದು ಅಕ್ಷರ. ಈ ಸ್ಥಿತಿಯನ್ನು ಬದಲಿಸುವುದರಲ್ಲಿ, ವಿದ್ಯಾಖಾತೆಯಲ್ಲಿದ್ದುಕೊಂಡು ಊರೂರಿಗೆ ಕನ್ನಡ ಶಾಲೆಗಳನ್ನು ತರಲು ಶ್ರಮಿಸಿದ ಡೆಪ್ಯುಟಿ ಚನ್ನಬಸಪ್ಪನವರ ಪಾತ್ರ ಹಿರಿದು. 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಆ ಕಾರ್ಯವನ್ನು ಮುಂದೊಯ್ದಿತು. ಆಲೂರ ವೆಂಕಟರಾಯರ ಹೆಸರು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಚನ್ನಬಸಪ್ಪನವರದು ಅಷ್ಟಾಗಿ ಕೇಳಿಬರುವುದಿಲ್ಲವೆಂಬುದು ಖೇದದ ವಿಷಯ.

ಮನೆಯೊಳಗೊಂದು ಭಾಷೆ, ಹೊಸ್ತಿಲು ದಾಟಿದ ಮೇಲೆ ಇನ್ನೊಂದು ಭಾಷೆ ಎಂಬ ಸ್ಥಿತಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮಗುವಿಗೆ ಮೊದಲು ಒದಗಿದ್ದಲ್ಲ. ಆ ಮಗುವಿನ ಪೂರ್ವಿಕರು ತಮ್ಮ ಸ್ವಂತ ಊರಿನಲ್ಲಿಯೇ, ಮಲಪ್ರಭೆಯ ದಡವನ್ನು ಬಿಟ್ಟು ಕದಲದೆಯೇ, ಅದನ್ನು ಅನುಭವಿಸಿದ್ದರು. ವ್ಯತ್ಯಾಸವಿಲ್ಲವೆಂದು ನಾನು ಹೇಳುತ್ತಿಲ್ಲ. ಅವರ ಸುತ್ತ ಸಾವಿರಾರು ಜನ ಕನ್ನಡ ಮಾತನಾಡುತ್ತಿದ್ದರು. ಈ ಮಗುವಿನ ಸುತ್ತ ನಾಲ್ವರು. ಆದರೂ, "ನಾವು ಎಂದಿಗೂ ಕನ್ನಡದಲ್ಲಿಯೇ ಇದ್ದೆವು, ನೀವು ಮಾತ್ರ ಅದನ್ನು ಬಿಡುತ್ತಿದ್ದೀರಿ" ಎಂಬ ಧ್ವನಿಯಲ್ಲಿ ಮಕ್ಕಳೊಡನೆ ಮಾತನಾಡುವ ಅಧಿಕಾರ ನಮ್ಮ ಸೀಮೆಯ ಹಿರಿಯರಿಗೆ ಇಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಇನ್ನು ಬನಶಂಕರಿಯ ಜಾತ್ರೆ. ಬಾದಾಮಿಯ ಚಾಲುಕ್ಯರ ಕುಲದೇವಿಯೆಂದು ಪ್ರಸಿದ್ಧಳಾದ ಶಾಕಂಭರಿಯ ಗುಡಿ ಚೊಳಚಗುಡ್ಡದ ಸೀಮೆಯಲ್ಲಿದೆ; ಎದುರಿಗೆ ಹರಿದ್ರಾತೀರ್ಥವೆಂಬ ವಿಶಾಲವಾದ ಹೊಂಡ. ಪುಷ್ಯಮಾಸದ ಬನದ ಹುಣ್ಣಿಮೆಯಂದು ತೇರು ಎಳೆಯುತ್ತಾರೆ. ಅದಕ್ಕೆ ಮೊದಲು, ದೇವಿಗೆ ನೂರೆಂಟು ಬಗೆಯ ಕಾಯಿಪಲ್ಲೆಗಳನ್ನು ನಿವೇದಿಸುವ ಪಲ್ಲೇದ ಹಬ್ಬ. ತೇರಿನ ತರುವಾಯವೂ ಜಾತ್ರೆ ಕರಗುವುದಿಲ್ಲ. ಬಾಗಿಲು, ಚೌಕಟ್ಟು, ತೊಟ್ಟಿಲುಗಳ ಮಾರಾಟವೂ, ಸಾಲಾಗಿ ಡೇರೆ ಹಾಕಿದ ವೃತ್ತಿ ನಾಟಕ ಕಂಪನಿಗಳ ಆಟಗಳೂ ವಾರಗಟ್ಟಲೆ ನಡೆಯುತ್ತವೆ. ನಮ್ಮ ಹಳ್ಳಿಯವರಿಗೆ ನವೆಂಬರ್ ಒಂದನೆಯ ತಾರೀಖು ಶಾಲೆಯ ಮತ್ತು ತಹಶೀಲ್ದಾರ ಕಚೇರಿಯ ಹಬ್ಬವಾದರೆ, ಬನದ ಹುಣ್ಣಿಮೆ ಎಲ್ಲರ ಹಬ್ಬ. ಈ ಮಾತನ್ನು ಮುಚ್ಚಿಡುವುದರಿಂದ ರಾಜ್ಯೋತ್ಸವದ ಮರ್ಯಾದೆಯೇನೂ ಹೆಚ್ಚುವುದಿಲ್ಲ. 1948ಕ್ಕೆ ಹಿಂದಿನ ಜಾತ್ರೆಯ ಚಿತ್ರವನ್ನು ಕಲ್ಪಿಸಿಕೊಂಡರಂತೂ ಏಕೀಕರಣವೆಂದರೆ ಏನೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಪಶ್ಚಿಮಕ್ಕೆ ರಾಮದುರ್ಗದ ಸಂಸ್ಥಾನ, ವಾಯವ್ಯಕ್ಕೆ ಮುಧೋಳ ಮತ್ತು ಜಮಖಂಡಿಯ ಸಂಸ್ಥಾನಗಳು, ಪೂರ್ವಕ್ಕೆ ಹುನಗುಂದ ಇಳಕಲ್ಲುಗಳನ್ನು ದಾಟಿದೊಡನೆ ಕುಷ್ಟಗಿಯಲ್ಲಿ ನಿಜಾಮರ ರಾಜ್ಯ, ನಡುವೆ ಮುಂಬಯಿ ಸರಕಾರ. ಬಂಡಿ ಕಟ್ಟಿಕೊಂಡು ದೇವಿಗೆ ಬರುವ ಒಕ್ಕಲಿಗನು ಒಂದೆರಡು ದಿನಗಳ ದಾರಿಯಲ್ಲಿ ಎರಡು ಸರಕಾರಗಳ ಎಲ್ಲೆಗಳನ್ನು ಮೀರಿ ಬರುತ್ತಿದ್ದನು. ಆತನ ತಾಲ್ಲೂಕಿನ ದಫ್ತರದಲ್ಲಿ ಉರ್ದುವೋ ಮರಾಠಿಯೋ ನಡೆಯುತ್ತಿರಬಹುದು, ಆದರೆ ಚೌಕಟ್ಟಿನ ಬೆಲೆಗೆ ಚೌಕಾಸಿ ಮಾಡುವಾಗಲೂ ರಾತ್ರಿ ನಾಟಕದ ಖಳನಾಯಕನನ್ನು ಬೈಯುವಾಗಲೂ ಆತನಿಗೆ ದುಭಾಷಿಯ ಅಗತ್ಯ ಬೀಳುತ್ತಿರಲಿಲ್ಲ. ಸರಕಾರದ ಕಾಗದದ ಮೇಲೆ ಒಂದುಗೂಡುವ ಮೊದಲು ಕರ್ನಾಟಕವು ಇಂಥ ಜಾತ್ರೆಗಳ ಧೂಳಿನಲ್ಲಿ ಒಂದುಗೂಡಿತ್ತು.

ಅಣ್ಣನ ಮಗಳ ಕರಡಿನಲ್ಲಿದ್ದ ಎರಡು ಸಹಸ್ರ ವರ್ಷಗಳ ವಿಚಾರಕ್ಕೆ ಬರುತ್ತೇನೆ. ಅದನ್ನು ಪೂರ್ತಿಯಾಗಿ ಬಿಡುವುದೂ ಸರಿಯಲ್ಲ. ಹಿರಿಯರು ಅದನ್ನು ನಿರೀಕ್ಷಿಸುತ್ತಾರೆ, ಅದು ಅಸತ್ಯವೂ ಅಲ್ಲ. ಆದರೆ ಸಂಖ್ಯೆಯನ್ನು ಕೇಳಿ ಮಗುವಿಗೆ ಏನೂ ಕಾಣುವುದಿಲ್ಲ. ಬಾದಾಮಿಯ ಕೆರೆಯಾದ ಅಗಸ್ತ್ಯತೀರ್ಥದ ಸಮೀಪ, ತಟ್ಟುಕೋಟೆಯ ಹತ್ತಿರದ ಕೆಂಬಂಡೆಯ ಮೇಲೆ, ಸುಮಾರು ಕ್ರಿ.ಶ. 700ರಲ್ಲಿ ಕೊರೆದ ಶಾಸನವೊಂದಿದೆ. ವಿದ್ವಾಂಸರು ಅದನ್ನು ಕಪ್ಪೆ ಅರಭಟ್ಟನ ಶಾಸನವೆನ್ನುತ್ತಾರೆ. ಜೆ. ಎಫ್. ಫ್ಲೀಟ್ ಅವರು 1881ರಲ್ಲಿ ಅದನ್ನು 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದರು. ಹತ್ತು ಸಾಲುಗಳ ಈ ಚಿಕ್ಕ ಬರಹದಲ್ಲಿ ರಾಜನ ಹೆಸರಿಲ್ಲ, ಯುದ್ಧದ ವರ್ಣನೆಯಿಲ್ಲ, ದಾನಕೊಟ್ಟ ಭೂಮಿಯ ಚಕ್ಕುಬಂದಿಯಿಲ್ಲ. ಒಬ್ಬ ಮನುಷ್ಯನ ಸ್ವಭಾವ ಎಂಥದಾಗಿತ್ತು, ಸಜ್ಜನರ ವಿಷಯದಲ್ಲಿ ಆತ ಹೇಗೆ ನಡೆದುಕೊಳ್ಳುತ್ತಿದ್ದ, ಕೆಣಕಿದವರ ಪಾಲಿಗೆ ಹೇಗಿರುತ್ತಿದ್ದ ಎಂಬುದಷ್ಟೇ ಅದರ ವಿಷಯ. ಕನ್ನಡ ಪದ್ಯಗಳ ನಡುವೆ ಒಂದು ಸಂಸ್ಕೃತ ಶ್ಲೋಕವೂ ಸೇರಿಕೊಂಡಿದೆ. ಎರಡು ಭಾಷೆಗಳು ಒಂದೇ ಬಂಡೆಯ ಮೇಲೆ ಇರುವುದು ಅದನ್ನು ಬರೆಸಿದವರಿಗೆ ಮುಜುಗರವನ್ನುಂಟುಮಾಡಿದಂತೆ ತೋರುವುದಿಲ್ಲ. ಮತ್ತು ಗಮನಿಸಬೇಕಾದ ಇನ್ನೊಂದು ಅಂಶ: ಆ ಶಾಸನ ಕನ್ನಡವನ್ನು ಎಲ್ಲಿಯೂ ಹೊಗಳುವುದಿಲ್ಲ. ಹೇಳಬೇಕಾದುದನ್ನು ಕನ್ನಡದಲ್ಲಿ ಹೇಳಿ ಸುಮ್ಮನಾಗುತ್ತದೆ.

ಆ ಪದ್ಯಗಳ ಛಂದಸ್ಸು ತ್ರಿಪದಿ. ನಮಗೆ ದೊರೆತಿರುವ ತ್ರಿಪದಿಗಳಲ್ಲಿ ಇವೇ ಅತ್ಯಂತ ಪ್ರಾಚೀನ. ಲಕ್ಷಣವನ್ನು ಸ್ಥೂಲವಾಗಿ ಹೇಳುವುದಾದರೆ, ಮೊದಲ ಎರಡು ಸಾಲುಗಳಲ್ಲಿ ನಾಲ್ಕು ನಾಲ್ಕು ಗಣಗಳು, ಮೂರನೆಯದರಲ್ಲಿ ಮೂರು, ಒಟ್ಟು ಹನ್ನೊಂದು. ಅವುಗಳಲ್ಲಿ ಆರನೆಯದೂ ಹತ್ತನೆಯದೂ ಉಳಿದವುಗಳಿಗಿಂತ ಗಿಡ್ಡವಾದ ಬ್ರಹ್ಮಗಣಗಳು, ಮಿಕ್ಕವೆಲ್ಲ ವಿಷ್ಣುಗಣಗಳು. ಈ ಎರಡು ಎಡೆಗಳಲ್ಲಿ ನಡಿಗೆ ತುಸು ತಡೆದು ಮುಂದೆ ಹೋಗುತ್ತದೆ. ಹಾಡುವಾಗ ಎರಡನೆಯ ಸಾಲನ್ನು ಮರಳಿ ಎತ್ತಿಕೊಳ್ಳುವುದು ರೂಢಿಯಾದುದರಿಂದ ಮೂರು ಸಾಲಿನ ಪದ್ಯ ಕಿವಿಗೆ ನಾಲ್ಕು ಸಾಲಾಗಿ ಕೇಳಿಸುತ್ತದೆ. ಸರ್ವಜ್ಞನು ಹಿಡಿದದ್ದು ಇದೇ ಮಟ್ಟನ್ನು. ಬೀಸುವ ಕಲ್ಲಿನ ಮುಂದೆ ಕುಳಿತು ನಮ್ಮ ಹೆಣ್ಣುಮಕ್ಕಳು ಬೆಳಗಿನ ಜಾವದಲ್ಲಿ ಹಾಡಿದ್ದೂ ಇದನ್ನೇ. ಬಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಅಂಥ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಿಂದ ಪ್ರಕಟಿಸಿದರು. ಬಂಡೆಯ ಮೇಲಿನ ಪದ್ಯಕ್ಕೂ ಬೀಸುಕಲ್ಲಿನ ಪದ್ಯಕ್ಕೂ ನಡುವೆ ಹನ್ನೆರಡು ಶತಮಾನಗಳ ಅಂತರ, ನಡಿಗೆ ಒಂದೇ. ಬಂಡೆಯ ಮೇಲಿನ ಭಾಷೆ ಇಂದು ವ್ಯಾಖ್ಯಾನವಿಲ್ಲದೆ ನನಗೂ ಪೂರ್ತಿ ತಿಳಿಯದು, ಅದರ ಕೆಲವು ಅಕ್ಷರಗಳೇ ಇಂದಿನ ವರ್ಣಮಾಲೆಯಲ್ಲಿಲ್ಲ. ಆದರೆ ಅದರ ಲಯವನ್ನು, ಅಜ್ಜಿಯ ಮಡಿಲಲ್ಲಿ ತೊಟ್ಟಿಲ ಪದ ಕೇಳಿದ ಮಗು, ಅದು ಇಂಗ್ಲೆಂಡಿನಲ್ಲಿಯೇ ಹುಟ್ಟಿದ್ದರೂ, ಆಗಲೇ ಬಲ್ಲದು.

ಕರಡಿನಲ್ಲಿ ನಾನು ಕಂಡ ಇನ್ನೊಂದು ಕೊರತೆ "ನಮ್ಮ ರಾಜ್ಯ" ಎಂಬ ಸಂಬೋಧನೆಯದು. ಆ ಸಂಘದಲ್ಲಿ ಕಾಸರಗೋಡಿನ ಒಂದು ಕುಟುಂಬವಿದೆ, ಸೊಲ್ಲಾಪುರದ ಒಂದು ಕುಟುಂಬವಿದೆ. ಆ ಎರಡೂ ಊರುಗಳು 1956ರಲ್ಲಿ ಎಳೆದ ಗೆರೆಗಳ ಆಚೆ ಉಳಿದವು. ಮನೆಯಲ್ಲಿ ತುಳು ಆಡುವವರೂ, ಕೊಂಕಣಿ ಆಡುವವರೂ, ಉರ್ದು ಆಡುವವರೂ ಇದ್ದಾರೆ. ರಾಜ್ಯದ ಹುಟ್ಟುಹಬ್ಬವನ್ನು ಭಾಷೆಯ ಹಬ್ಬವಾಗಿ ಆಚರಿಸುವ ಪದ್ಧತಿ ಊರಿನಲ್ಲಿ ಅಷ್ಟಾಗಿ ಕಾಡದಿದ್ದರೂ, ಐವತ್ತು ಮನೆಗಳ ಸಂಘದಲ್ಲಿ ಐದು ಮನೆಗಳನ್ನು ಮರೆತರೆ ಅದು ಎದ್ದು ಕಾಣುತ್ತದೆ.

ಕೊನೆಗೆ ನಿಶ್ಚಯವಾದದ್ದೇನೆಂದರೆ, ಸಂದೇಶವನ್ನು ಆಕೆ ತನ್ನ ಬಾಯಿಯ ಮಾತಿನಲ್ಲಿಯೇ ಬರೆಯುವುದು; ನಿಧಾನವಾಗಿ ಓದಿದರೂ ಎರಡು ನಿಮಿಷಕ್ಕೆ ಮೀರದಂತೆ ನೋಡಿಕೊಳ್ಳುವುದು; ಕನ್ನಡ ಲಿಪಿಯನ್ನು ಓದಲಾರದವರಿಗಾಗಿ ಅದನ್ನು ಓದಿ ಧ್ವನಿಮುದ್ರಿಸಿ ಬರಹದ ಜೊತೆಗೇ ಕಳುಹಿಸುವುದು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಬರೆದು ಕಳುಹಿಸುವ ಉಪಾಯವನ್ನೂ ಪರಿಶೀಲಿಸಿದೆವು; ಆದರೆ ಆ ಅಕ್ಷರಗಳಲ್ಲಿ 'ಬಳೆ'ಯೂ 'ಬಾಳೆ'ಯೂ 'ಬಲೆ'ಯೂ ಒಂದೇ ಆಗಿ ಕಾಣುವುದರಿಂದ, ಕಿವಿಯ ಮಾರ್ಗವೇ ಲೇಸೆಂದು ತೋರಿತು. ಆಕೆ ಬರೆದುದು ಹೀಗಿದೆ:

"ಎಲ್ಲಾರಿಗೂ ಶರಣ್ರಿ. ನಮ್ಮೂರು ಚೊಳಚಗುಡ್ಡ, ಬಾದಾಮಿ ಬಾಜೂಕ. ಬನಶಂಕರಿ ಗುಡಿ ನೋಡಿದವರು ನಮ್ಮೂರು ನೋಡಿದಂಗ. ನಮ್ಮ ಮುತ್ಯಾ ಹುಟ್ಟಿದಾಗ ನಮ್ಮೂರು ಮುಂಬೈ ಸರಕಾರದಾಗ ಇತ್ತು. ಮನ್ಯಾಗ ಕನ್ನಡ, ದೊಡ್ಡ ಕಚೇರ್‍ಯಾಗ ಬ್ಯಾರೆ ಭಾಷೆ. ಇಲ್ಲಿ ನಮ್ಮ ಹುಡುಗರದೂ ಹಂಗ ಐತಿ, ಹೌದಲ್ಲ?

"ಜಾತ್ರಿಗೆ ರಾಮದುರ್ಗದ ರಾಜಾನ ಕಡಿಂದ, ಮುಧೋಳದ ರಾಜಾನ ಕಡಿಂದ, ಕುಷ್ಟಗಿ ನಿಜಾಮನ ಕಡಿಂದ ಮಂದಿ ಬರ್ತಿತ್ತು. ಸರಕಾರ ಬ್ಯಾರೆ ಬ್ಯಾರೆ, ಸಂತ್ಯಾಗ ಜಗಳಾಡೂ ಮಾತು ಒಂದ. 1956ರ ನವೆಂಬರ್ 1ಕ್ಕ ಆ ಮಂದಿ ಎಲ್ಲಾ ಒಂದ ರಾಜ್ಯದಾಗ ಬಂದ್ರು. ಕಾಸರಗೋಡಿನವರು, ಸೊಲ್ಲಾಪುರದವರು ಬರಲಿಲ್ಲ. ಅವರ ಊರು ಗೆರಿ ಆಚಿಗೆ ಉಳದ್ವು. ಅವರು ಇವತ್ತ ಈ ಹಾಲಿನಾಗ ನಮ್ಮ ಬಾಜೂಕ ಕುಂತಾರ. ಮನ್ಯಾಗ ತುಳು, ಕೊಂಕಣಿ, ಉರ್ದು ಮಾತಾಡವರೂ ಕುಂತಾರ.

"ಹುಡುಗರಾ, ನಾ ಹೇಳಿದ್ದು ಅರ್ಧ ತಿಳದಿದ್ರ ಸಾಕು. ಉಳದದ್ದು ಅಜ್ಜಿನ್ನ ಕೇಳ್ರಿ. ಅಜ್ಜಿ ಮೈಸೂರು ಕಡಿಯಾಕಿ ಆಗಿದ್ರ ಆಕಿಗೂ ಅರ್ಧನ ತಿಳದಿರತೈತಿ, ಇಬ್ಬರೂ ಕೂಡಿ ನನ್ನ ಕಡೆ ಬರ್‍ರಿ.

"ಊಟಕ್ಕ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮಡಕಿಕಾಳು, ಮೊಸರು ಐತಿ. ಊಟಕ್ಕಿಂತ ಮೊದಲ ಮೂರು ಸಾಲಿನ ಒಂದು ಪದ ಹಾಡೂದೈತಿ. ಬಾದಾಮಿ ಬಂಡಿಗಲ್ಲಿನ ಮ್ಯಾಲೆ ಸಾವಿರದ ಮುನ್ನೂರು ವರ್ಷದ ಹಿಂದ ಕೊರದ ಪದದ್ದೂ ಇದ ಮಟ್ಟು. ಮೊದಲ ಸಾಲು ಹಿರ್‍ಯಾರು ಹಾಡ್ತಾರ. ಎರಡನೇ ಸಾಲು ಎರಡು ಸಲ, ಎಲ್ಲಾರೂ."

ಸಂಘದ ಹಿರಿಯರೊಬ್ಬರು ಇದನ್ನು ಮುಂಚಿತವಾಗಿ ಓದಿ, ರಾಜ್ಯೋತ್ಸವದಂಥ ಗಂಭೀರ ಸಂದರ್ಭದಲ್ಲಿ ಶಿಷ್ಟಭಾಷೆಯನ್ನು ಬಿಡಬಹುದೇ ಎಂದು ಆಕ್ಷೇಪಿಸಿದರು. ಆಕ್ಷೇಪಣೆಯಲ್ಲಿ ಸತ್ತ್ವವಿಲ್ಲದೆ ಇರಲಿಲ್ಲ. ಎಲ್ಲ ಸೀಮೆಗಳವರೂ ಸೇರುವ ಸ್ಥಳದಲ್ಲಿ ಯಾರ ಸೀಮೆಗೂ ಸೇರದ ಭಾಷೆಯೊಂದು ಬೇಕಾಗುತ್ತದೆ, ಗ್ರಾಂಥಿಕ ಕನ್ನಡ ಶತಮಾನಗಳಿಂದ ಮಾಡುತ್ತ ಬಂದಿರುವುದು ಆ ಕೆಲಸವನ್ನೇ. ಬಾಗಲಕೋಟೆಯ ಮಾತನ್ನು ಮಂಗಳೂರಿನ ಕಿವಿಯ ಮೇಲೆ ಹೇರುವುದು ಬೆಂಗಳೂರಿನ ಮಾತನ್ನು ಬಾಗಲಕೋಟೆಯ ಮೇಲೆ ಹೇರುವುದಕ್ಕಿಂತ ಹೆಚ್ಚು ನ್ಯಾಯವೇನೂ ಅಲ್ಲ. ಆದುದರಿಂದ ಸದಸ್ಯರಿಗೆ ಅಂಚೆಯಲ್ಲಿ ಹೋಗುವ ಆಹ್ವಾನಪತ್ರ ಶಿಷ್ಟಭಾಷೆಯಲ್ಲಿಯೇ ಇರಲೆಂದೂ, ಸಭೆಯಲ್ಲಿ ಓದುವ ಸಂದೇಶ ಮಾತ್ರ ಪ್ರತಿವರ್ಷ ಒಂದೊಂದು ಸೀಮೆಯ ಮಾತಿನಲ್ಲಿ, ಆ ಸೀಮೆಯವರಿಂದಲೇ ಬರಲೆಂದೂ ಸಂಘದವರು ತೀರ್ಮಾನಿಸಿಕೊಂಡರು. ಮುಂದಿನ ವರ್ಷದ ಸರದಿ ಕಾಸರಗೋಡಿನ ಕುಟುಂಬದ್ದು. ಅವರ ಹನ್ನೆರಡು ವರ್ಷದ ಮಗ, ಬರೆಯುವುದು ಅಪ್ಪನಾದರೂ ಓದುವುದು ತಾನೇ ಎಂದು ಈಗಲೇ ಹಟ ಹಿಡಿದಿದ್ದಾನಂತೆ.